ರಿಲೇ ಹಾಕಿದ್ರೆ ಇಎಸ್‌ಪಿ8266 ಯಾಕೆ ಬೂಟ್ ಆಗಲ್ಲ: D3 ಪಿನ್ನಿನ ಕತೆ

ನೋಡ್‌ಎಂಸಿಯು ಬೋರ್ಡಲ್ಲಿ ಈ ತೊಂದರೆ ಹಿಡಿಯೋದು ಸುಲಭ, ಲಕ್ಷಣ ಒಂದೇ ಥರ ಇರುತ್ತೆ. ಕೋಡ್ ಅಪ್‌ಲೋಡ್ ಸರಿಯಾಗೇ ಆಗುತ್ತೆ, ಆಮೇಲೆ ಬೋರ್ಡ್ ಸುಮ್ನೆ ಕೂತಿರುತ್ತೆ. ರಿಲೇಯ ಸಿಗ್ನಲ್ ವೈರ್ ಕಿತ್ತು ರೀಸೆಟ್ ಒತ್ತಿದ್ರೆ ಶುರುವಾಗುತ್ತೆ, ಓಡ್ತಿರುವಾಗ ಅದೇ ವೈರ್ ವಾಪಸ್ ಚುಚ್ಚಿದ್ರೆ ರಿಲೇ ಟಕ್ ಟಕ್ ಅಂತ ಆರಾಮಾಗಿ ಕೆಲಸ ಮಾಡುತ್ತೆ, ಆದ್ರೆ ಕರೆಂಟ್ ಹೋಗಿ ಬಂತು ಅಂದ್ರೆ ಮತ್ತೆ ಸ್ತಬ್ಧ. ಹಿಂಗಾದ್ರೆ ಕೋಡಲ್ಲಿ ಹುಡುಕ್ತಾ ಕೂರಬೇಡಿ, ವೈರ್ ಯಾವ ಪಿನ್ನಿಗೆ ಹೋಗಿದೆ ನೋಡಿ.

ಚಿಪ್ ರೀಸೆಟ್‌ನಿಂದ ಏಳೋ ಕ್ಷಣದಲ್ಲಿ ಮೂರು ಪಿನ್ನು ಓದುತ್ತೆ: ಜಿಪಿಐಒ 15, 0, 2. ಬೋರ್ಡ್ ಮೇಲೆ ಇವೇ D8, D3, D4. ಫ್ಲಾಶಿನಿಂದ ಬೂಟ್ ಆಗ್ಬೇಕಂದ್ರೆ D8 ಲೋ, D3 ಹೈ, D4 ಹೈ ಇರ್ಬೇಕು. ಆ ಕ್ಷಣ D3 ಲೋ ಇದ್ರೆ ಚಿಪ್ಪು "ಹೊಸ ಕೋಡ್ ಕಳಿಸ್ತಾರೆ" ಅಂದ್ಕೊಂಡು ಸೀರಿಯಲ್ ಡೌನ್‌ಲೋಡ್ ಮೋಡಿಗೆ ಹೋಗಿ ಕಾಯ್ತಾ ಕೂರುತ್ತೆ. ಅಪ್‌ಲೋಡಿಗೆ ಬೇಕಾಗಿರೋದೂ ಅದೇ ಮೋಡ್, ಅದಕ್ಕೇ ಅಪ್‌ಲೋಡ್ ಮಾತ್ರ ಚೆನ್ನಾಗಿ ಆಗೋದು. ಒಮ್ಮೆ ಓದಿ ಆದ್ಮೇಲೆ ಇವೂ ಸಾಮಾನ್ಯ ಪಿನ್ನುಗಳೇ, ಓಡ್ತಿರುವಾಗ ರಿಲೇ ಕೆಲಸ ಮಾಡೋದು ಅದರಿಂದ್ಲೇ.

ಸರಿ, ರಿಲೇ D3ನ ಹೆಂಗೆ ಕೆಳಗೆ ಎಳೆಯುತ್ತೆ? ಬಿಸಿ547 ಥರದ ಎನ್‌ಪಿಎನ್ ಟ್ರಾನ್ಸಿಸ್ಟರ್, ಬೇಸಿಗೆ 1 ಕೆ ರೆಸಿಸ್ಟರ್, ಎಮಿಟರ್ ಗ್ರೌಂಡಿಗೆ ಇರೋ ಸರ್ಕ್ಯೂಟ್ ತಗೊಳ್ಳಿ. D3ನ ಮೇಲಕ್ಕೆ ಹಿಡಿದಿರೋದು ಬೋರ್ಡಿನ 12 ಕೆ ಪುಲ್‌ಅಪ್ ಒಂದೇ (ಕೆಲವದರಲ್ಲಿ 10 ಕೆ). ಈಗ 3.3 ವೋಲ್ಟಿನಿಂದ 12 ಕೆ, ಆಮೇಲೆ 1 ಕೆ, ಆಮೇಲೆ ಬೇಸ್-ಎಮಿಟರ್ ಜಂಕ್ಷನ್ ದಾಟಿ ಗ್ರೌಂಡಿಗೆ ಒಂದು ದಾರಿ ಆಯ್ತು. ಜಂಕ್ಷನ್ನು ಸುಮಾರು 0.7 ವೋಲ್ಟ್ ತಿನ್ನುತ್ತೆ, ಉಳಿದ 2.6 ವೋಲ್ಟ್ 13 ಕೆ ಮೇಲೆ ಬೀಳುತ್ತೆ, ಅಂದ್ರೆ 0.2 ಮಿಲಿಆಂಪ್. 1 ಕೆ ಮೇಲೆ 0.2 ವೋಲ್ಟ್, ಹಂಗಾಗಿ ಪಿನ್ನಲ್ಲಿ 0.7 + 0.2 = 0.9 ವೋಲ್ಟ್. ಹೈ ಅಂತ ಗ್ಯಾರಂಟಿಯಾಗಿ ಓದೋಕೆ 3.3ರ ಮುಕ್ಕಾಲು ಭಾಗ, ಅಂದ್ರೆ ಸುಮಾರು 2.5 ವೋಲ್ಟ್ ಬೇಕು. 0.9 ಎಲ್ಲಿ, 2.5 ಎಲ್ಲಿ! ಮಲ್ಟಿಮೀಟರಲ್ಲೂ ನೋಡ್ಬೋದು, ರೀಸೆಟ್ ಬಟನ್ ಒತ್ತಿ ಹಿಡ್ಕೊಂಡು D3 ಮತ್ತು ಗ್ರೌಂಡ್ ಮಧ್ಯೆ ಅಳೆಯಿರಿ, ವೈರ್ ಕಿತ್ರೆ 3.3ರ ಹತ್ರ ಹಾರುತ್ತೆ.

ಇನ್ನೂ ಪಕ್ಕಾ ಸಾಕ್ಷಿ ಬೇಕಂದ್ರೆ ಸೀರಿಯಲ್ ಮಾನಿಟರನ್ನ 74880 ಬಾಡಿಗೆ ಇಟ್ಟು ರೀಸೆಟ್ ಒತ್ತಿ. ಬೇರೆ ಸ್ಪೀಡಲ್ಲಿ ಕಸದ ಥರ ಕಾಣೋದು ಇಲ್ಲಿ ಹಿಂಗೆ ಬರುತ್ತೆ:

```
ets Jan  8 2013,rst cause:2, boot mode:(1,6)
```

ಬ್ರಾಕೆಟ್ಟಿನ ಮೊದಲ ಅಂಕಿ ಮುಖ್ಯ. ಜಿಪಿಐಒ 15 ಹೈ ಇದ್ರೆ 4, ಜಿಪಿಐಒ 0 ಹೈ ಇದ್ರೆ 2, ಜಿಪಿಐಒ 2 ಹೈ ಇದ್ರೆ 1, ಎಲ್ಲಾ ಕೂಡಿದ್ದೇ ಆ ಅಂಕಿ. ಸರಿಯಾದ ಬೂಟಿಗೆ 3 ಬರ್ಬೇಕು. ಇಲ್ಲಿ 1 ಬಂದಿದೆ ಅಂದ್ರೆ D3 ಬಿದ್ದಿದೆ. 7 ಬಂದ್ರೆ D8 ಮೇಲೆ ಎದ್ದಿದೆ ಅಂತ; 5 ವೋಲ್ಟಿನ ಆಪ್ಟೋಕಪ್ಲರ್ ಮಾಡ್ಯೂಲು, ಲೋ ಕೊಟ್ರೆ ಆನ್ ಆಗೋ ಜಾತೀದು, D8ಗೆ ಹಾಕಿದ್ರೆ ಹಿಂಗಾಗ್ಬೋದು, ಯಾಕಂದ್ರೆ ಅದರ ಒಳಗಿನ ಎಲ್‌ಇಡಿ ದಾರಿಯಲ್ಲಿ 5 ವೋಲ್ಟ್ ಸೋರಿ ಪಿನ್ನನ್ನ ಮೇಲಕ್ಕೆ ತಳ್ಳುತ್ತೆ.

ಬೇಸ್ ರೆಸಿಸ್ಟರ್ ದೊಡ್ಡದು ಮಾಡಿದ್ರೆ ಆಗಲ್ವಾ ಅಂತ ಅನ್ಸುತ್ತೆ. 10 ಕೆ ಹಾಕಿದ್ರೂ ಪಿನ್ನು ಸುಮಾರು 1.9 ವೋಲ್ಟಿಗೇ ನಿಲ್ಲುತ್ತೆ, ಸಾಲದು. ಅಲ್ಲದೆ ಓಡ್ತಿರುವಾಗ ಕೋಡ್ ಪಿನ್ನನ್ನ ಹೈ ಮಾಡಿದ್ರೂ ಬೇಸಿಗೆ ಹೋಗೋ ಕರೆಂಟು 0.26 ಮಿಲಿಆಂಪ್ ಅಷ್ಟೇ, 70 ಮಿಲಿಆಂಪ್ ಕೇಳೋ ಕಾಯಿಲ್ಲನ್ನ ಅದು ನಂಬಿಕೆಯಿಂದ ಎಳೆಯಲ್ಲ. ಮಾಸ್‌ಫೆಟ್ ಹಾಕಿದ್ರೆ ಗೇಟು ಕರೆಂಟ್ ಎಳೆಯಲ್ಲ, ಬೂಟ್ ಆಗುತ್ತೆ, ಆದ್ರೆ ಅದೇ ಪುಲ್‌ಅಪ್ಪು ಮಾಸ್‌ಫೆಟ್ಟನ್ನ ಆನ್ ಮಾಡಿ ಪವರ್ ಬಂದ ತಕ್ಷಣ ರಿಲೇ ಎಳೆದುಬಿಡುತ್ತೆ. ನೀರಿನ ಮೋಟ್ರಿಗೆ ಹಾಕಿದ್ದಾಗ ಇದು ಬೇಡವೇ ಬೇಡ.

ಹಂಗಾಗಿ ನನ್ನ ಪ್ರಕಾರ ವೈರ್ ಬದಲಾಯ್ಸೋದೇ ಸರಿ: D1 ಅಥವಾ D2. ಇವೆರಡನ್ನ ಚಿಪ್ಪು ಬೂಟಲ್ಲಿ ಕೇಳೋದೇ ಇಲ್ಲ. D0 ಕೂಡ ಬೂಟ್ ತಡೆಯಲ್ಲ, ಆದ್ರೆ ಶುರುವಲ್ಲಿ ಹೈ ಇರುತ್ತೆ, ಟ್ರಾನ್ಸಿಸ್ಟರ್ ರಿಲೇಗೆ ಒಗ್ಗಲ್ಲ. D1 ಬಳಸಿದ್ರೂ ಬೇಸಿನಿಂದ ಗ್ರೌಂಡಿಗೆ ಒಂದು 10 ಕೆ ಹಾಕ್ಬಿಡಿ, ಕೋಡ್ ಶುರುವಾಗೋವರೆಗೆ ಪಿನ್ನು ತೇಲ್ತಾ ಇದ್ರೂ ಟ್ರಾನ್ಸಿಸ್ಟರ್ ಆಫ್ ಇರುತ್ತೆ. ಕೋಡಲ್ಲಿ ಮೊದಲು ಲೋ ಬರೆದು ಆಮೇಲೆ ಔಟ್‌ಪುಟ್ ಮಾಡಿ:

```
digitalWrite(D1, LOW);
pinMode(D1, OUTPUT);
```

ಲೋ ಕೊಟ್ರೆ ಆನ್ ಆಗೋ ಮಾಡ್ಯೂಲ್ ಆದ್ರೆ ಮೊದಲ ಸಾಲಲ್ಲಿ `HIGH`, ಮತ್ತೆ ಆ 10 ಕೆ ಬೇಕಿಲ್ಲ.