ಹೆಣೆದುಕೊಂಡ ಎರಡು ಲೂಪ್‌ಗಳು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕವೊಂದರ ಅಂಚಿನಲ್ಲಿ ಹೆಣೆದುಕೊಂಡ ಎರಡು ಲೂಪ್‌ಗಳನ್ನು ಒಂದೇ ಸೂತ್ರಕ್ಕೆ ಇಳಿಸುವ, ಹಿಂದಿನ ಓದುಗನ ಪೆನ್ಸಿಲ್ ಲೆಕ್ಕವಿತ್ತು. ಹೆಜ್ಜೆಗಳೆಲ್ಲ ಅಚ್ಚುಕಟ್ಟಾಗಿದ್ದವು, ಉತ್ತರ ಮಾತ್ರ ತಪ್ಪು. ಅಲ್ಲಿ ಎಡವುವವರು ಇಂದಿಗೂ ಕಡಿಮೆಯಿಲ್ಲ.

ಕತೆ ಶುರುವಾಗುವುದು 1927ರ ಆಗಸ್ಟ್ 2ರಂದು. ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕುಳಿತು, ದೂರದ ಟೆಲಿಫೋನ್ ಕರೆಗಳ ಆಂಪ್ಲಿಫೈಯರ್‌ಗಳು ಧ್ವನಿ ಕೆಡಿಸುವುದಕ್ಕೆ ಪರಿಹಾರವನ್ನು ಅಂದಿನ ಪತ್ರಿಕೆಯ ಪುಟದ ಮೇಲೆ ಗೀಚಿದರು: ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ತಂದು ಇನ್‌ಪುಟ್‌ನಿಂದ ಕಳೆಯುವುದು. ಸಿಗ್ನಲ್ ಹೆಚ್ಚುವ ಪಟ್ಟು ನೇರ ದಾರಿಯಲ್ಲಿ G, ಹಿಂದಿರುಗುವ ದಾರಿಯಲ್ಲಿ H ಆದರೆ ಒಟ್ಟು G/(1+GH). ಹೀಗೆ ಹಿಂದಿರುಗಿ ಸುತ್ತುವ ಲೂಪ್ ಒಂದೇ ಇದ್ದಲ್ಲಿ ಇಷ್ಟೇ ಸಾಕು. ಆದರೆ ಮುಂದೆ ಬಂದ ಸರ್ವೋ ವ್ಯವಸ್ಥೆಗಳಲ್ಲಿ ಲೂಪ್‌ಗಳು ಒಂದರೊಳಗೊಂದು ಸಿಕ್ಕಿಕೊಂಡವು.

ಆ ಪೆನ್ಸಿಲ್ ಚಿತ್ರವೂ ಅಂಥದ್ದೇ. G1, G2, G3 ಸಾಲಾಗಿವೆ. G2 ದಾಟಿದ ಕೂಡಲೇ ಒಂದು ಕವಲು ಹೊರಟು H1 ಮೂಲಕ, G1ಕ್ಕೆ ಮೊದಲು ಸಿಗ್ನಲ್‌ಗಳು ಕೂಡುವ ಸಂಕಲನ ಬಿಂದುವಿಗೆ ಬರುತ್ತದೆ. ಔಟ್‌ಪುಟ್‌ನಿಂದ ಇನ್ನೊಂದು H2 ಮೂಲಕ G1, G2ರ ನಡುವಿನ ಸಂಕಲನ ಬಿಂದುವಿಗೆ. ಎರಡೂ ಋಣ, ಅಂದರೆ ಕಳೆಯುವಂಥವು. ಯಾವ ಲೂಪ್ ಕೂಡ ಇನ್ನೊಂದರ ಒಳಗೆ ಪೂರ್ತಿಯಾಗಿ ಇಲ್ಲ, ಹಾಗಾಗಿ ಬ್ಲ್ಯಾಕ್ ಸೂತ್ರವನ್ನು ನೇರವಾಗಿ ಹಾಕಲು ಜಾಗವೇ ಇಲ್ಲ.

ಆದ್ದರಿಂದ H1ರ ಕವಲನ್ನು G3 ದಾಟಿಸಿ ಔಟ್‌ಪುಟ್‌ಗೆ ಸರಿಸಬೇಕು. ಅಲ್ಲಿ ಸಿಗ್ನಲ್ G3ರಷ್ಟು ಪಟ್ಟು ಹೆಚ್ಚಿರುವುದರಿಂದ ಹಿಂದಿರುಗುವ ದಾರಿ H1/G3 ಆಗಬೇಕು. ಪುಸ್ತಕದ ಗೆಳೆಯ ಭಾಗಿಸುವ ಬದಲು ಗುಣಿಸಿದ್ದ. ಸರಿಪಡಿಸಿದರೆ ಒಳಗಿನ ಲೂಪ್ ಮೊದಲು G2G3/(1+G2G3H2) ಆಗಿ, ಆಮೇಲೆ ಹೊರಗಿನದೂ ಮಡಚಿಕೊಂಡು, ಔಟ್‌ಪುಟ್ C, ಇನ್‌ಪುಟ್ R ಎಂದರೆ, ಉಳಿಯುವುದು ಇಷ್ಟು:

```
C/R = G1G2G3 / (1 + G1G2H1 + G2G3H2)
```

1953ರಲ್ಲಿ ಎಂ.ಐ.ಟಿ.ಯ ಸ್ಯಾಮ್ಯುಯೆಲ್ ಮೇಸನ್ ಸಿಗ್ನಲ್ ಫ್ಲೋ ಗ್ರಾಫ್‌ಗಳನ್ನು ಮುಂದಿಟ್ಟರು. ಅವರ ಸೂತ್ರದಲ್ಲಿ ಹೀಗೆ ಕವಲನ್ನು ಸರಿಸುವ ಕೆಲಸವೇ ಬೇಡ. ಎರಡು ಲೂಪ್‌ಗಳೂ G2ರಲ್ಲಿ ಮುಟ್ಟುವುದರಿಂದ ಛೇದದಲ್ಲಿ ಅವುಗಳ ಗುಣಲಬ್ಧ ಬರುವುದಿಲ್ಲ. ಅದನ್ನೂ ಸೇರಿಸಿಬಿಡುವುದು ಎರಡನೇ ಸಾಮಾನ್ಯ ತಪ್ಪು.

ತಪ್ಪನ್ನು ಹಿಡಿಯಲು ನನಗೆ ಹಿಡಿಸಿದ ದಾರಿ ಸೂತ್ರವಿಲ್ಲದೆ ಔಟ್‌ಪುಟ್ ಕಡೆಯಿಂದ ಇನ್‌ಪುಟ್ ಕಡೆಗೆ ನಡೆಯುವುದು. G1=2, G2=5, G3=4, H1=0.1, H2=0.5 ಎನ್ನಿ. ಕವಲಿನಲ್ಲಿ 1 ಇದ್ದರೆ ಔಟ್‌ಪುಟ್ 4. G2ರ ಒಳಗೆ ಹೋದದ್ದು 0.2. H2 ಕಳೆದದ್ದು 2, ಆದ್ದರಿಂದ G1ರಿಂದ ಬಂದದ್ದು 2.2, G1ಕ್ಕೆ ಹೋದದ್ದು 1.1. H1 ಕಳೆದ 0.1 ಸೇರಿಸಿದರೆ ಇನ್‌ಪುಟ್ 1.2. ಅಂದರೆ 4/1.2, ಸುಮಾರು 3.33. ಸೂತ್ರವೂ 40/12 ಕೊಡುತ್ತದೆ. ಪೆನ್ಸಿಲ್ ಉತ್ತರದಲ್ಲಿ ಇದೇ ಸಂಖ್ಯೆಗಳನ್ನಿಟ್ಟರೆ ಬರುವುದು 40/27.