ಸಂಘ ದಿಢೀರನೆ ಕೇಳಿದ 18,000 ರೂಪಾಯಿ: ಕಟ್ಟಬೇಕಾದವರು ಬಾಡಿಗೆದಾರರೋ, ಮಾಲೀಕರೋ?

ಓದುಗರ ಪ್ರಶ್ನೆ: ಕಾರವಾರದ ಕಾಜುಬಾಗದ ಅಪಾರ್ಟ್‌ಮೆಂಟೊಂದರಲ್ಲಿ ಕಳೆದ ಮೇ 1ರಿಂದ ಬಾಡಿಗೆಗಿದ್ದೇವೆ. ತಿಂಗಳ ಮೇಂಟೆನೆನ್ಸ್ 1,500 ರೂಪಾಯಿಯನ್ನು ನಾವೇ ಸಂಘಕ್ಕೆ ಕಟ್ಟುತ್ತಿದ್ದೇವೆ. ಈಗ ಪ್ರತಿ ಮನೆಯೂ 18,000 ರೂಪಾಯಿ ವಿಶೇಷ ವಂತಿಗೆಯನ್ನು ಹದಿನೈದು ದಿನಗಳೊಳಗೆ ಕೊಡಬೇಕು, ಇಲ್ಲವಾದರೆ ನೀರು ನಿಲ್ಲಿಸಲಾಗುವುದು ಎಂದು ಸೂಚನೆ ಬಂದಿದೆ. ಹುಬ್ಬಳ್ಳಿಯಲ್ಲಿರುವ ಮಾಲೀಕರನ್ನು ಕೇಳಿದರೆ, ಮೇಂಟೆನೆನ್ಸ್ ನಿಮ್ಮದೇ ಎಂದು ಕರಾರಿನಲ್ಲಿದೆಯಲ್ಲ ಎನ್ನುತ್ತಾರೆ. ನಾವು ಕಟ್ಟಲೇಬೇಕೇ?

ಉತ್ತರ: ಬಾಡಿಗೆ ಕರಾರುಗಳನ್ನು ಬರೆದುಕೊಡುವ ಕೆಲಸದಲ್ಲಿರುವ ಮತ್ತು ಆರು ವರ್ಷ ನಮ್ಮ ಕಟ್ಟಡದ ಸಂಘದ ಲೆಕ್ಕವನ್ನೂ ನೋಡಿದ ನನಗೆ ಈ ಪ್ರಶ್ನೆ ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ತಪ್ಪದೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಟೆರೇಸಿನ ಸೋರಿಕೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಬ್ಬಿಣ, ಹೊರಗೋಡೆಯ ಬಿರುಕು ಇವೆಲ್ಲದರ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಬೇಕಾಗಿರುವುದರಿಂದ, ವರ್ಷವಿಡೀ ಸುಮ್ಮನಿದ್ದ ಸಂಘಗಳು ಇದೇ ತಿಂಗಳುಗಳಲ್ಲಿ ಒಮ್ಮೆಗೇ ಹಣ ಕೇಳುತ್ತವೆ. ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಬದಲಾಗುವುದಿಲ್ಲ: ಇಡೀ ಮೊತ್ತವನ್ನು ನೀವು ಕಟ್ಟಬೇಕಾಗಿಲ್ಲ, ಆದರೆ ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲವೆಂದು ಈಗಲೇ ಹೇಳಲೂ ಬರುವುದಿಲ್ಲ. ಆ 18,000 ರೂಪಾಯಿ ಯಾವ ಯಾವ ಕೆಲಸಗಳಿಂದ ಕೂಡಿ ಬಂದಿದೆ ಎಂಬುದು ಕಾಗದದ ಮೇಲೆ ಕಾಣುವವರೆಗೆ ಯಾರೂ ಯಾರಿಗೂ ಹೌದು ಅಥವಾ ಇಲ್ಲ ಎನ್ನಬಾರದು.

ಇಲ್ಲಿ ಅಡ್ಡ ಬರುವುದು, ಎಷ್ಟು ಹೇಳಿದರೂ ಸಾಯದ ಒಂದು ನಂಬಿಕೆ. ಮನೆಯಲ್ಲಿ ಯಾರಿದ್ದಾರೋ ಅವರೇ ಸಂಘ ಕೇಳಿದ್ದನ್ನೆಲ್ಲ ಕೊಡಬೇಕು ಎಂಬುದೇ ಆ ನಂಬಿಕೆ. ಮಾಲೀಕರು ಇದಕ್ಕೆ ಕರಾರಿನ ಒಂದು ಸಾಲನ್ನು ಆಧಾರವಾಗಿ ತೋರಿಸುತ್ತಾರೆ, ಸಂಘದ ಕಾರ್ಯದರ್ಶಿಗಳು ಕಾನೂನಿನ ಒಂದು ಸಾಲನ್ನು ತೋರಿಸುತ್ತಾರೆ. ಎರಡೂ ಸಾಲುಗಳು ನಿಜವಾಗಿಯೂ ಇವೆ. ಆದರೆ ಅವುಗಳಿಂದ ಇವರು ತೆಗೆಯುವ ಅರ್ಥ ಅಲ್ಲಿಲ್ಲ.

ಮೊದಲು ಕರಾರಿನ ಸಾಲನ್ನು ನೋಡೋಣ. ನಮ್ಮ ಕಡೆ ಹನ್ನೊಂದು ತಿಂಗಳ ಕರಾರುಗಳಲ್ಲಿ ಸಾಮಾನ್ಯವಾಗಿ ಇರುವ ವಾಕ್ಯ ಇದು: "ಮಾಸಿಕ ನಿರ್ವಹಣಾ ಶುಲ್ಕವನ್ನು ಹಾಗೂ ವಿದ್ಯುತ್ ಬಿಲ್ಲನ್ನು ಬಾಡಿಗೆದಾರರು ಭರಿಸತಕ್ಕದ್ದು." ಇದರಲ್ಲಿ 'ಮಾಸಿಕ' ಎಂಬ ಶಬ್ದವನ್ನು ನಾನು ಬೇಕೆಂದೇ ಬರೆಯುತ್ತೇನೆ. ಕಾವಲುಗಾರರ ಸಂಬಳ, ಮೆಟ್ಟಿಲು ಗುಡಿಸುವವರ ಸಂಬಳ, ಸಾಮಾನ್ಯ ಮೀಟರಿನ ಹೆಸ್ಕಾಂ ಬಿಲ್ಲು, ಪಂಪು, ಲಿಫ್ಟಿನ ವಾರ್ಷಿಕ ಸರ್ವಿಸ್ ಮುಂತಾದವುಗಳಿಗೆ ತಿಂಗಳು ತಿಂಗಳು ಖರ್ಚಾಗಿ ಮುಗಿಯುವ ಹಣ ಅದು. ವಾಸ ಮಾಡುವವರು ಈ ಸೌಲಭ್ಯಗಳನ್ನು ಅನುಭವಿಸುತ್ತಾರೆ, ಆದ್ದರಿಂದ ಅವರೇ ಕೊಡುತ್ತಾರೆ. ಟೆರೇಸಿಗೆ ತಗಡಿನ ಹೊದಿಕೆ ಹಾಕಿಸುವುದು ಈ ಜಾತಿಯ ಖರ್ಚಲ್ಲ. ಆ ಹೊದಿಕೆ ವರ್ಷಗಟ್ಟಲೆ ಕಟ್ಟಡವನ್ನು ಕಾಯುತ್ತದೆ, ಮನೆಯ ಬೆಲೆಯನ್ನು ಉಳಿಸುತ್ತದೆ, ನೀವು ಮುಂದಿನ ವರ್ಷ ವರ್ಗಾವಣೆಯಾಗಿ ಹೋದ ಮೇಲೂ ಮಾಲೀಕರ ಆಸ್ತಿಯ ಭಾಗವಾಗಿಯೇ ಇರುತ್ತದೆ. ಕೈಗಾ, ನೌಕಾನೆಲೆ, ಜಿಲ್ಲಾ ಕಚೇರಿಗಳ ಕೆಲಸಕ್ಕೆಂದು ಎರಡು ಮೂರು ವರ್ಷಗಳ ಮಟ್ಟಿಗೆ ಬಂದು ಹೋಗುವವರೇ ಹೆಚ್ಚಿರುವ ಊರಿನಲ್ಲಿ ಅಂಥವರಿಂದ ಮುಂದಿನ ಹತ್ತು ವರ್ಷಗಳ ಛಾವಣಿಯ ಹಣ ಕೇಳುವುದು ಸರಿಯಲ್ಲವೆಂದು ನಾನು ಸಂಘದ ಸಭೆಯಲ್ಲೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಇನ್ನು ಕಾರ್ಯದರ್ಶಿಗಳು ತೋರಿಸುವ ಕಾನೂನು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ಮಾಲೀಕರ ಜೊತೆಗೆ ಬಾಡಿಗೆದಾರರೂ ಅಧಿನಿಯಮಕ್ಕೆ ಮತ್ತು ಸಂಘದ ಉಪವಿಧಿಗಳಿಗೆ ಒಳಪಟ್ಟಿರುತ್ತಾರೆ ಎಂದು ಹೇಳುವುದು ನಿಜ. ಗಾಡಿಯನ್ನು ಗೊತ್ತುಮಾಡಿದ ಜಾಗದಲ್ಲೇ ನಿಲ್ಲಿಸಬೇಕು, ಕಸವನ್ನು ಬೇರ್ಪಡಿಸಿ ಕೊಡಬೇಕು, ರಾತ್ರಿ ಗದ್ದಲ ಮಾಡಬಾರದು ಎಂಬ ನಿಯಮಗಳಿಗೆ ನೀವು ಬದ್ಧರಾಗುವುದು ಅದರಿಂದಲೇ. ಆದರೆ ಸಾಮಾನ್ಯ ವೆಚ್ಚವನ್ನು ಯಾರ ಮೇಲೆ ಹಾಕಬೇಕು ಎಂಬ ಮಾತು ಬಂದಾಗ ಅದೇ ಅಧಿನಿಯಮ ಹೆಸರಿಸುವುದು ಅಪಾರ್ಟ್‌ಮೆಂಟಿನ ಮಾಲೀಕರನ್ನು. ಬಾಕಿ ಉಳಿದ ವೆಚ್ಚ ಆ ಮನೆಯ ಮೇಲೆಯೇ ಋಣಭಾರವಾಗಿ ಕೂರುತ್ತದೆ ಎಂದೂ ಅದು ಹೇಳುತ್ತದೆ. ನಿಮ್ಮ ಸಂಘ 1960ರ ಸಂಘಗಳ ನೋಂದಣಿ ಅಧಿನಿಯಮದ ಕೆಳಗೆ ನೋಂದಣಿಯಾಗಿದ್ದರೂ ಸದಸ್ಯರಾಗಿರುವವರು ಸಾಮಾನ್ಯವಾಗಿ ಮಾಲೀಕರೇ, ವಂತಿಗೆಯ ಹೊಣೆ ಸದಸ್ಯರದು. ನಡತೆಯ ನಿಯಮಕ್ಕೆ ಬದ್ಧರಾಗಿರುವುದು ಬೇರೆ, ಹಣಕ್ಕೆ ಹೊಣೆಯಾಗಿರುವುದು ಬೇರೆ. ಇದನ್ನು ನಾನು ಎಷ್ಟು ಜನರಿಗೆ ವಿವರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ದಯವಿಟ್ಟು ಈ ಸಲವಾದರೂ ಗಮನದಲ್ಲಿಡಿ.

ಒಂದು ಅಪವಾದವನ್ನು ಮುಚ್ಚಿಡಲಾರೆ. ಕರಾರಿನಲ್ಲಿ "ಸಂಘವು ಈಗ ಮತ್ತು ಮುಂದೆ ವಿಧಿಸುವ ಎಲ್ಲ ಬಗೆಯ ಶುಲ್ಕ, ವಂತಿಗೆಗಳನ್ನು ಬಾಡಿಗೆದಾರರೇ ಭರಿಸತಕ್ಕದ್ದು" ಎಂದು ಸ್ಪಷ್ಟವಾಗಿ ಬರೆದು ನೀವು ಸಹಿ ಮಾಡಿದ್ದರೆ, ನಿಮ್ಮ ಮತ್ತು ಮಾಲೀಕರ ನಡುವೆ ಆ ಮಾತಿಗೆ ತೂಕವಿರುತ್ತದೆ. ಆದ್ದರಿಂದ ಯಾರಿಗಾದರೂ ಉತ್ತರ ಕೊಡುವ ಮೊದಲು ನಿಮ್ಮ ಕರಾರಿನ ಆ ಸಾಲನ್ನು ಅಕ್ಷರ ಬಿಡದೆ ಓದಿರಿ.

ಈಗ ಮಾಡಬೇಕಾದದ್ದು ಮಾಲೀಕರಿಗೆ ಪತ್ರ ಬರೆಯುವುದು. ಫೋನಿನಲ್ಲಿ ಆಡಿದ ಮಾತು ಆರು ತಿಂಗಳ ನಂತರ ಡಿಪಾಸಿಟ್ ಹಿಂದಿರುಗಿಸುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೂ ಸಾಕು, ಆದರೆ ಅದು ಬರಹದಲ್ಲಿರಬೇಕು. ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ:

"ಮಾನ್ಯರೇ, ಸಂಘದಿಂದ ತಮ್ಮ ಮನೆಗೆ 18,000 ರೂಪಾಯಿ ವಿಶೇಷ ವಂತಿಗೆಯ ಸೂಚನೆ ಬಂದಿದ್ದು, ಅದರ ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ. ನಮ್ಮ ಕರಾರಿನಂತೆ ಮಾಸಿಕ ನಿರ್ವಹಣಾ ಶುಲ್ಕವನ್ನು ಇಂದಿನವರೆಗೆ ಬಾಕಿಯಿಲ್ಲದೆ ಕಟ್ಟಿದ್ದೇನೆ. ಈ ವಂತಿಗೆಯನ್ನು ಮಂಜೂರು ಮಾಡಿದ ಸಭೆಯ ಠರಾವಿನ ಪ್ರತಿಯನ್ನೂ ಯಾವ ಕೆಲಸಕ್ಕೆ ಎಷ್ಟು ಎಂಬ ವಿವರವನ್ನೂ ಸಂಘದಿಂದ ತಾವು ಸದಸ್ಯರಾಗಿ ಪಡೆದು ತಿಳಿಸಬೇಕಾಗಿ ವಿನಂತಿ. ಇದರಲ್ಲಿ ನಾನು ವಾಸವಿದ್ದ ಅವಧಿಯ ಬಳಕೆಯ ವೆಚ್ಚವೇನಾದರೂ ಇದ್ದರೆ ಅದನ್ನು ಕೊಡಲು ಸಿದ್ಧನಿದ್ದೇನೆ. ಉಳಿದ ಮೊತ್ತದ ಬಗ್ಗೆ ತಮ್ಮ ನಿರ್ಧಾರವನ್ನು ಕೊನೆಯ ದಿನಾಂಕಕ್ಕಿಂತ ಮೊದಲು ಬರಹದಲ್ಲಿ ತಿಳಿಸಿರಿ."

ಪತ್ರದಲ್ಲಿ 'ಕೊಡುವುದಿಲ್ಲ' ಎಂಬ ಶಬ್ದವಿಲ್ಲ ಎಂಬುದನ್ನು ಗಮನಿಸಿ. ಸಂಘದಿಂದ ಠರಾವು, ನಡಾವಳಿ, ಲೆಕ್ಕವನ್ನು ಕೇಳಿ ಪಡೆಯುವ ಹಕ್ಕು ಸದಸ್ಯರಾದ ಮಾಲೀಕರಿಗಿದೆ. ನೀವು ನೇರವಾಗಿ ಕೇಳಿದರೆ ಕಾರ್ಯದರ್ಶಿಗಳು ನೀವು ಸದಸ್ಯರಲ್ಲ ಎಂದು ಹಿಂದಕ್ಕೆ ಕಳಿಸಬಹುದು.

ಇಂಥದೇ ಒಂದು ಪ್ರಕರಣದಲ್ಲಿ ವಿವರ ಬಂದಾಗ ಕಂಡ ಲೆಕ್ಕವನ್ನು ಹೇಳುತ್ತೇನೆ. ಕಟ್ಟಡದಲ್ಲಿ 24 ಮನೆಗಳು, ಒಟ್ಟು ವಂತಿಗೆ 4,32,000 ರೂಪಾಯಿ. ಮನೆಯೊಂದಕ್ಕೆ ಬಂದ 18,000ದಲ್ಲಿ ಟೆರೇಸಿನ ತಗಡಿನ ಹೊದಿಕೆಗೆ 11,000, ಲಿಫ್ಟಿನ ಹೊಸ ನಿಯಂತ್ರಣ ಫಲಕಕ್ಕೆ 3,500, ಮುಂದಿನ ರಿಪೇರಿಗೆಂದು ಕೂಡಿಡುವ ನಿಧಿಗೆ 1,500, ಹಿಂದಿನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಾವಿ ಬತ್ತಿದಾಗ ತರಿಸಿದ ಟ್ಯಾಂಕರ್ ನೀರಿಗೆ 2,000 ಸೇರಿತ್ತು. ಮೊದಲ ಮೂರು ಕಟ್ಟಡದ ಖರ್ಚುಗಳು, ಅವು ಮಾಲೀಕರವು. ಕೂಡಿಡುವ ನಿಧಿಯಂತೂ ಆಗಿಹೋದ ಖರ್ಚೇ ಅಲ್ಲ, ಅದು ಸಂಘದಲ್ಲಿ ಉಳಿಯುವ ಹಣ. ಟ್ಯಾಂಕರಿನ ನೀರು ಮಾತ್ರ ಬಳಕೆಯ ಖರ್ಚು. ಅಲ್ಲಿಯ ಬಾಡಿಗೆದಾರರೂ ನಿಮ್ಮಂತೆ ಮೇ 1ಕ್ಕೆ ಬಂದವರಾಗಿದ್ದರು, ಎರಡೂ ತಿಂಗಳು ಟ್ಯಾಂಕರಿಗೆ ಆದ ಖರ್ಚು ಸಮವಾಗಿತ್ತು. ಹಾಗಾಗಿ ಅವರ ಪಾಲಿಗೆ ಬಂದದ್ದು ಮೇ ತಿಂಗಳ 1,000 ರೂಪಾಯಿ. ಏಪ್ರಿಲ್ ತಿಂಗಳದ್ದು ಅವರಿಗಿಂತ ಹಿಂದೆ ಇದ್ದವರು ಬಳಸಿದ ನೀರು. ಹಾಗೆ ಬಾಡಿಗೆದಾರರು 1,000 ಕೊಟ್ಟರು, ಮಾಲೀಕರು 17,000 ಕೊಟ್ಟರು. ಎಲ್ಲ ವಿವರ ಕೈಗೆ ಬಂದ ಮೇಲೆ ಮಾಲೀಕರು ಹೆಚ್ಚು ವಾದಿಸಲಿಲ್ಲ.

ನೀರು ನಿಲ್ಲಿಸುತ್ತೇವೆ ಎಂಬ ಬೆದರಿಕೆಯ ಬಗ್ಗೆ ಹೇಳುವುದಾದರೆ, ಬಾಕಿ ವಸೂಲಿಗೆ ಅಧಿನಿಯಮ ತೋರಿಸುವುದು ದಾವೆಯ ದಾರಿಯನ್ನು ಮತ್ತು ಮನೆಯ ಮೇಲಿನ ಋಣಭಾರವನ್ನು. ಮಾಲೀಕರ ಬಾಕಿಗಾಗಿ, ತನ್ನ ಮಾಸಿಕ ಶುಲ್ಕವನ್ನು ಸರಿಯಾಗಿ ಕಟ್ಟಿದ ಕುಟುಂಬದ ನೀರನ್ನು ನಿಲ್ಲಿಸುವುದು ಆ ದಾರಿಯಲ್ಲ. ಮಾಲೀಕರಿಗೆ ಬರೆದ ಪತ್ರದ ಪ್ರತಿಯನ್ನು ಕಾರ್ಯದರ್ಶಿಗಳಿಗೂ ಕೊಟ್ಟು, ಮಾಸಿಕ ಶುಲ್ಕದ ರಸೀದಿಗಳನ್ನು ಜೊತೆಗಿಟ್ಟು, ವಿಷಯ ಮಾಲೀಕರ ಮುಂದಿದೆ ಎಂದು ತಿಳಿಸಿರಿ.

ಮನೆಯಲ್ಲಿ ಮಕ್ಕಳಿದ್ದಾರೆ, ಜಗಳ ಬೇಡವೆಂದು ಕಟ್ಟಿಯೇ ಬಿಡುವವರೂ ಇದ್ದಾರೆ. ಅವರಿಗೂ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮಿನ ಪ್ರಕಾರ, ಮಾಲೀಕರು ಕೊಡಲೇಬೇಕಾದ ಹಣವನ್ನು ಕೊಡದೆ ಬಿಟ್ಟಾಗ, ಮತ್ತು ಆ ಹಣ ಬಾಡಿಗೆದಾರರಿಂದಲೋ ಆ ಸ್ವತ್ತಿನಿಂದಲೋ ವಸೂಲಾಗುವಂಥದಾಗಿದ್ದಾಗ, ಬಾಡಿಗೆದಾರರು ತಾವೇ ಅದನ್ನು ಕಟ್ಟಿ ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಇದಕ್ಕೆ ವಿರುದ್ಧವಾದ ಮಾತಿರಬಾರದು ಎಂಬುದು ಅದರ ಮಿತಿ. ಆದರೆ ಕೇಳದೆ, ಬರೆಯದೆ ಕಟ್ಟಿ ಮುಂದಿನ ತಿಂಗಳು ಬಾಡಿಗೆಯನ್ನು ಕಡಿಮೆ ಕೊಟ್ಟರೆ ಬಾಡಿಗೆ ಬಾಕಿ ಉಳಿಸಿಕೊಂಡವರೆಂದು ನಿಮ್ಮನ್ನೇ ದೂರುತ್ತಾರೆ. ಆದ್ದರಿಂದ ಮೊದಲು ಮೇಲಿನ ಪತ್ರ, ಆಮೇಲೆ ಮಾಲೀಕರ ಪರವಾಗಿ ಕಟ್ಟುತ್ತಿದ್ದೇನೆ ಎಂಬ ಇನ್ನೊಂದು ಪತ್ರ, ಆಮೇಲೆ ಹಣ. ರಸೀದಿಯಲ್ಲಿ ಮಾಲೀಕರ ಹೆಸರು, ಮನೆಯ ಸಂಖ್ಯೆ, "ಬಾಡಿಗೆದಾರರ ಮೂಲಕ ಪಾವತಿ" ಎಂಬ ಮಾತು ಮೂರೂ ಇರಲಿ.

ಈ ಲೆಕ್ಕ ನೋಡುವಾಗ, ನೀವು ಕೇಳದಿದ್ದರೂ ನಿಮ್ಮ ಮಾಲೀಕರು ಕೇಳಬೇಕಾದ ಒಂದು ಪ್ರಶ್ನೆ ಕಣ್ಣಿಗೆ ಬೀಳುತ್ತದೆ. ಎಲ್ಲ ಮನೆಗಳಿಗೂ 18,000 ರೂಪಾಯಿ ಸಮಾನವಾಗಿ ಹಂಚಿದ್ದು ಸರಿಯೇ? 1972ರ ಅಧಿನಿಯಮಕ್ಕೆ ಒಳಪಟ್ಟ ಕಟ್ಟಡಗಳಲ್ಲಿ ಸಾಮಾನ್ಯ ವೆಚ್ಚ ಹಂಚಿಕೆಯಾಗಬೇಕಾದದ್ದು ಪ್ರತಿ ಮನೆಗೆ ಸಾಮಾನ್ಯ ಜಾಗದಲ್ಲಿರುವ ಅವಿಭಾಜ್ಯ ಹಕ್ಕಿನ ಶೇಕಡಾ ಪ್ರಮಾಣದಲ್ಲಿ, ಮನೆಗಳ ಎಣಿಕೆಯಲ್ಲಿ ಅಲ್ಲ. ನಿಮ್ಮದು ಒಂದೇ ಮಲಗುವ ಕೋಣೆಯ ಚಿಕ್ಕ ಮನೆಯಾಗಿದ್ದು ಅದರ ಪಾಲು ಶೇಕಡಾ 3, ಒಟ್ಟು ವಂತಿಗೆ ಮೇಲೆ ಹೇಳಿದ ಕಟ್ಟಡದಂತೆಯೇ 4,32,000 ಎಂದಿಟ್ಟುಕೊಂಡರೆ, ಆ ಮನೆಗೆ ಬರುವುದು 12,960 ರೂಪಾಯಿ. ಶೇಕಡಾ 5ರ ಪಾಲಿರುವ ಮೂಲೆಯ ದೊಡ್ಡ ಮನೆಗೆ 21,600 ಬರುತ್ತದೆ. ಸಮನಾಗಿ ಹಂಚಿದಾಗ ಚಿಕ್ಕ ಮನೆಯವರು ದೊಡ್ಡ ಮನೆಯವರ ಛಾವಣಿಗೆ ಹಣ ಕೊಟ್ಟಂತಾಗುತ್ತದೆ. ಈ ಪ್ರಮಾಣ ಕಟ್ಟಡದ ಘೋಷಣಾ ಪತ್ರದಲ್ಲಿ ಪ್ರತಿ ಮನೆಯ ಎದುರಿಗೆ ನಮೂದಾಗಿರುತ್ತದೆ, ಮತ್ತು ಆ ಪತ್ರ ನೋಂದಣಿಯಾದದ್ದಾದರೆ ಅದರ ದೃಢೀಕೃತ ಪ್ರತಿಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಅರ್ಜಿ ಕೊಟ್ಟು ಪಡೆಯಬಹುದು. ನಿಮ್ಮ ಮಾಲೀಕರು ಹುಬ್ಬಳ್ಳಿಯಿಂದ ಸಭೆಗೆ ಬರುವುದಾದರೆ ಆ ಪ್ರತಿಯನ್ನು ಕೈಯಲ್ಲಿ ಹಿಡಿದೇ ಬರಲಿ.