ಹನ್ನೊಂದರ ಕಾವಲು

ಕಲಬುರಗಿಯ ಒಂದು ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ನಾನು ಕೆಲವು ವಾರ ಕುಳಿತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಜಡವಾದಾಗ ಬೆರಳು 28 ಅನ್ನು 82 ಮಾಡುತ್ತಿತ್ತು. ಪರದೆ ತಕ್ಷಣ ಆ ಸಂಖ್ಯೆಯನ್ನು ತಿರಸ್ಕರಿಸುತ್ತಿತ್ತು. ಪುಸ್ತಕವನ್ನು ನೋಡದ ಯಂತ್ರಕ್ಕೆ ತಪ್ಪು ತಿಳಿಯುವುದು ಕೊನೆಯ ಅಂಕಿಯಿಂದ. ಅದನ್ನು ತಾಳೆ ಅಂಕಿ ಎನ್ನೋಣ.

ಇದರ ಮೂಲ 1960ರ ದಶಕದ ಬ್ರಿಟನ್ನಿನಲ್ಲಿದೆ. ಪುಸ್ತಕ ವ್ಯಾಪಾರಿ ಡಬ್ಲ್ಯು.ಎಚ್. ಸ್ಮಿತ್ ಸಂಸ್ಥೆ ತನ್ನ ದಾಸ್ತಾನನ್ನು ಕಂಪ್ಯೂಟರಿಗೆ ಒಪ್ಪಿಸಲು ಹೊರಟಾಗ, ಸಂಖ್ಯಾಶಾಸ್ತ್ರಜ್ಞ ಗಾರ್ಡನ್ ಫಾಸ್ಟರ್ ಒಂಬತ್ತು ಅಂಕಿಗಳ ಪದ್ಧತಿ ರೂಪಿಸಿದರು. 1970ರಲ್ಲಿ ಅದು ಹತ್ತು ಅಂಕಿಗಳ ಅಂತರರಾಷ್ಟ್ರೀಯ ಮಾನಕವಾಯಿತು.

ಲೆಕ್ಕಕ್ಕೆಂದು 817285046 ಎಂಬ ಸಂಖ್ಯೆಯನ್ನು ಕಟ್ಟಿಕೊಳ್ಳೋಣ. ಮೊದಲ ಅಂಕಿಯನ್ನು 10ರಿಂದ, ಮುಂದಿನದನ್ನು 9ರಿಂದ, ಹೀಗೆ ಒಂಬತ್ತನೆಯದನ್ನು 2ರಿಂದ ಗುಣಿಸಿ ಕೂಡಿದರೆ 256. ಹನ್ನೊಂದರ ಮಗ್ಗಿಯಲ್ಲಿ ಮುಂದೆ ಸಿಗುವುದು 264. ಕೊರತೆ 8, ಅದೇ ತಾಳೆ ಅಂಕಿ. ಕೊರತೆ 10 ಆದರೆ ಒಂದೇ ಅಂಕಿಯ ಜಾಗದಲ್ಲಿ ಹಿಡಿಸದು, ಆಗ X ಬರೆಯುತ್ತಾರೆ.

ಈಗ 28 ಅನ್ನು 82 ಮಾಡಿ ನೋಡಿ. ಅಕ್ಕಪಕ್ಕದ ಗುಣಕಗಳ ಅಂತರ ಒಂದೇ ಆದ್ದರಿಂದ, ಮೊತ್ತ ಬದಲಾಗುವುದು ಆ ಅಂಕಿಗಳ ವ್ಯತ್ಯಾಸದಷ್ಟು, ಇಲ್ಲಿ 6. ತಾಳೆ ಅಂಕಿಯೂ ಸೇರಿ 264 ಇದ್ದ ಮೊತ್ತ 270 ಆಗುತ್ತದೆ, ಹನ್ನೊಂದರಿಂದ ಭಾಗಿಸಿದರೆ ಶೇಷ 6 ಉಳಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಒಂದೇ ಅಂಕಿ ತಪ್ಪಿದರೂ ಹಾಗೆಯೇ. ಗುಣಕವೂ ಅಂಕಿಯ ವ್ಯತ್ಯಾಸವೂ ಹನ್ನೊಂದಕ್ಕಿಂತ ಚಿಕ್ಕವು. ಹನ್ನೊಂದು ಅವಿಭಾಜ್ಯ ಸಂಖ್ಯೆ, ಆದ್ದರಿಂದ ಅವುಗಳ ಗುಣಲಬ್ಧ ಎಂದೂ ಅದರ ಮಗ್ಗಿಗೆ ಬೀಳದು. ಹತ್ತರಿಂದ ಭಾಗಿಸಿದ್ದರೆ, 5ರ ಗುಣಕವಿರುವಲ್ಲಿ ಎರಡರಷ್ಟು ತಪ್ಪಿದರೂ ಅದು ನುಸುಳಿಬಿಡುತ್ತಿತ್ತು.

ಎರಡು ತಪ್ಪುಗಳು ಸೇರಿದರೆ ಮಾತ್ರ ಭರವಸೆಯಿಲ್ಲ. ಮೂರನೆಯ ಅಂಕಿ 7 ಹೋಗಿ 8, ಎಂಟನೆಯದು 4 ಹೋಗಿ 5 ಆದರೆ ಮೊತ್ತಕ್ಕೆ 8 ಮತ್ತು 3, ಒಟ್ಟು 11 ಸೇರುತ್ತದೆ. ಪರದೆ ಸುಮ್ಮನೆ ಒಪ್ಪಿಕೊಳ್ಳುತ್ತದೆ.

2007ರ ಜನವರಿಯಿಂದ ಐಎಸ್‌ಬಿಎನ್ ಹದಿಮೂರು ಅಂಕಿಗಳದಾಯಿತು. ಅಂಗಡಿ ಸರಕಿನ ಬಾರ್‌ಕೋಡಿಗೆ ಹೊಂದಬೇಕಿತ್ತು, ಹೊಸ ಸಂಖ್ಯೆಗಳಿಗೆ ಜಾಗವೂ ಬೇಕಿತ್ತು. ಗುಣಕಗಳು ಈಗ 1, 3, 1, 3, ಭಾಜಕ ಹತ್ತು. X ಹೋಯಿತು, ಆದರೆ ಕಾವಲೂ ಸಡಿಲವಾಯಿತು ಎಂದೇ ನನ್ನ ಅಭಿಪ್ರಾಯ. ಮುಂದೆ 978 ಸೇರಿ, ತಾಳೆ ಅಂಕಿಯೂ ಬದಲಾಗಿ ನಮ್ಮ ಸಂಖ್ಯೆ ಈಗ 9788172850463. ಇದರಲ್ಲಿ 50 ಅನ್ನು 05 ಮಾಡಿದರೆ ಮೊತ್ತ ಸರಿಯಾಗಿ ಹತ್ತರಷ್ಟು ಹೆಚ್ಚುತ್ತದೆ, ತಪ್ಪು ಸಿಗುವುದಿಲ್ಲ. ವ್ಯತ್ಯಾಸ 5 ಇರುವ ಪ್ರತಿ ಜೋಡಿಗೂ ಇದೇ ಗತಿ. ಹಳೆಯ ಲೆಕ್ಕದಲ್ಲಿ ಅದೇ ಅದಲುಬದಲು ಶೇಷ 6 ತೋರಿಸಿ ಸಿಕ್ಕಿಬೀಳುತ್ತಿತ್ತು.

ಹಾಗಾಗಿ ಹಳೆಯ ಪುಸ್ತಕ ಕೈಗೆ ಬಂದಾಗ ನಾವು ಅದರಲ್ಲಿ ಅಚ್ಚಾದ ಹತ್ತು ಅಂಕಿಗಳನ್ನೇ ಟೈಪ್ ಮಾಡಿ, ಹನ್ನೊಂದರ ಪರೀಕ್ಷೆ ಮುಗಿದ ಮೇಲೆ ಹದಿಮೂರಕ್ಕೆ ಬದಲಿಸುವ ಕೆಲಸವನ್ನು ಯಂತ್ರಕ್ಕೆ ಬಿಡುತ್ತಿದ್ದೆವು. ಮುಂದೆ 978 ಅಂಟಿಸಿ ಹಳೆಯ ತಾಳೆ ಅಂಕಿಯನ್ನೇ ಉಳಿಸಿಕೊಂಡರೆ ಸಂಖ್ಯೆ ಕೆಡುತ್ತದೆ. ನಮ್ಮ ಉದಾಹರಣೆಯಲ್ಲೇ 8 ಹೋಗಿ 3 ಬಂದಿದೆ.